ಫೀಸಿನ ತಾರೀಖು ಮತ್ತು ಮಾಮಿಯ ಕ್ಯಾಲೆಂಡರ್

ಉಡುಪಿಯ ನಮ್ಮ ಅಕ್ಕನ ಅಡುಗೆಮನೆಯಲ್ಲಿ ತಿಂಗಳಿಗೊಂದು ಹಾಳೆಯ ಕ್ಯಾಲೆಂಡರ್ ತೂಗುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಮಕ್ಕಳ ಫೀಸು ಎಲ್ಲವೂ ಅದರ ಚೌಕಗಳಲ್ಲೇ. ಚೆನ್ನೈಗೆ ಬಂದ ಮೇಲೆ ನಾನೂ ಹಾಗೇ ಮಾಡಿದೆ. ಎರಡು ವರ್ಷ ನಡೆಯಿತು. ಮೂರನೇ ವರ್ಷ ಎರಡನೇ ಟರ್ಮಿನ ಫೀಸು ತಪ್ಪಿತು.

ಸೆಪ್ಟೆಂಬರ್ 18ರ ಸಂಜೆ ಕ್ಲಾಸ್ ಗ್ರೂಪಿಗೆ ಒಂದು ಪಿಡಿಎಫ್ ಬಂದಿತ್ತು. ತಲೆಬರಹ ಕ್ವಾರ್ಟರ್ಲಿ ಪರೀಕ್ಷೆಯದು. ಫೀಸಿನ ಮಾತು ಇದ್ದದ್ದು ಎರಡನೇ ಪುಟದ ಕೆಳಗೆ. ಲೋಕಲ್ ಟ್ರೇನಿನಲ್ಲಿ ನಿಂತುಕೊಂಡು ಮೊದಲ ಪುಟ ನೋಡಿದೆ, ಉಳಿದದ್ದು ಮನೆಗೆ ಹೋಗಿ ಓದೋಣ ಅಂತ ಸ್ಟಾರ್ ಒತ್ತಿಟ್ಟೆ. ಮನೆಗೆ ಬರುವಷ್ಟರಲ್ಲಿ ಅದರ ಮೇಲೆ ಇಪ್ಪತ್ತಾರು ‘ಥ್ಯಾಂಕ್ಯೂ ಮ್ಯಾಮ್’ ಬಿದ್ದಿದ್ದವು. ಸ್ಟಾರ್‌ಗೆ ತಾರೀಖು ಗೊತ್ತಿಲ್ಲ, ಅದು ಹೊತ್ತಿಗೆ ಸರಿಯಾಗಿ ಎಬ್ಬಿಸುವುದಿಲ್ಲ. ವಾರ ಕಳೆದು ‘ಫೀ’ ಅಂತ ಗ್ರೂಪಿನಲ್ಲಿ ಹುಡುಕಿದರೂ ಸಿಗಲಿಲ್ಲ. ಆ ಪಿಡಿಎಫ್ ಕಾಗದದ ಫೋಟೋ ಹೊಡೆದು ಮಾಡಿದ್ದು. ಹುಡುಕಾಟ ಮೆಸೇಜಿನ ಅಕ್ಷರ ನೋಡುತ್ತದೆಯೇ ಹೊರತು ಫೋಟೋದೊಳಗಿನ ಅಕ್ಷರವನ್ನಲ್ಲ. ಕೊನೆಯ ದಿನ ಅಕ್ಟೋಬರ್ 11, ಎರಡನೇ ಶನಿವಾರ, ಸ್ಕೂಲಿನ ಆಫೀಸಿಗೆ ಬೀಗ. ಗುರುವಾರ ಮಗಳು ಚೀಟಿ ತಂದಳು. ದಿನಕ್ಕೆ 50ರಂತೆ ಐದು ದಿನಕ್ಕೆ 250 ರೂಪಾಯಿ ದಂಡ.

‘ಕ್ಯಾಲೆಂಡರಿನಲ್ಲಿ ಬರೆದಿದ್ದರೆ ತಪ್ಪುತ್ತಿತ್ತಾ ಮಾರಾಯ?’ ಅಂದಳು ಅಕ್ಕ. ನನಗೆ ಅನುಮಾನ. ಸೆಪ್ಟೆಂಬರಿನಲ್ಲಿ ಅಕ್ಟೋಬರ್ ಹಾಳೆ ಹಿಂದೆ ಅಡಗಿರುತ್ತದೆ. ಹಾಳೆ ಮಗುಚಿದ ಮೇಲೂ 11ರ ಚೌಕ ಕಣ್ಣಿಗೆ ಬೀಳಬೇಕಾದರೆ ನಾವೇ ಹೋಗಿ ನೋಡಬೇಕು. ಅಕ್ಕ ಹಾಲಿನ ಲೆಕ್ಕಕ್ಕೆ ದಿನಾ ನೋಡುತ್ತಾಳೆ. ನಾನು ಹಾಲಿನ ಪ್ಯಾಕೆಟ್ ತರುವವನು, ಲೆಕ್ಕವೇ ಇಲ್ಲ.

ಕೆಳಗಿನ ಮನೆಯ ಮಾಮಿಯದು ಬೇರೆ ದಾರಿ. ತಮಿಳರ ಮನೆಗಳಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇರುತ್ತದಲ್ಲ, ಅದು. ಸರ್ಕ್ಯುಲರ್ ಬಂದ ಕೂಡಲೇ ಪೂರ್ತಿ ಓದಿ, ಕಟ್ಟಿನ ಹಾಳೆಗಳನ್ನು ಎತ್ತಿ, ಮುಂದೆ ಬರುವ ಆ ದಿನದ ಹಾಳೆಯಲ್ಲಿ ರಾಹುಕಾಲ, ಯಮಗಂಡಗಳ ಪಕ್ಕದ ಸಣ್ಣ ಜಾಗದಲ್ಲಿ ಬರೆಯುತ್ತಾರೆ. ಅದೂ 11ರ ಹಾಳೆಯಲ್ಲಲ್ಲ, 6ರ ಹಾಳೆಯಲ್ಲಿ: ‘ಫೀಸು, 11ರೊಳಗೆ’. ಐದು ದಿನ ಯಾಕೆ ಮಾಮಿ ಅಂತ ಕೇಳಿದೆ. ಒಮ್ಮೆ ಆನ್‌ಲೈನಿನಲ್ಲಿ ಕಟ್ಟಿದಾಗ ಖಾತೆಯಿಂದ ದುಡ್ಡು ಹೋಯಿತು, ರಸೀದಿ ಬರಲಿಲ್ಲವಂತೆ. ದುಡ್ಡು ವಾಪಸು ಬರಲು ದಿನಗಳೇ ಬೇಕಾದವು. ಕೊನೆಯ ಸಂಜೆ ಹೀಗಾದರೆ ಏನು ಮಾಡುವುದು?

ಬೆಳಿಗ್ಗೆ ಹಾಳೆ ಹರಿಯುವುದು ಮನೆಯ ಅಭ್ಯಾಸ. 5ರದ್ದು ಹರಿದರೆ 6ರದ್ದು ತಾನೇ ಎದುರಿಗೆ ಬರುತ್ತದೆ. ಅದಕ್ಕೇ ನನಗೆ ಮಾಮಿಯ ದಾರಿ ಅಕ್ಕನದಕ್ಕಿಂತ ಮೇಲು ಅನಿಸಿದ್ದು. ಈಗ ನಮ್ಮ ಮನೆಯಲ್ಲೂ ಒಂದಿದೆ. ಹರಿಯುವ ಕೆಲಸ ಮಗಳದು, ಒಂದು ದಿನವೂ ಬಿಡುವುದಿಲ್ಲ.

ಮಳೆ ರಜೆಗೆ ಮಾತ್ರ ಯಾವ ಹಾಳೆಯೂ ಆಗಿಬರುವುದಿಲ್ಲ. ಉಡುಪಿಯಲ್ಲಿ ಅದು ಜೂನ್, ಜುಲೈಯ ಮಾತು. ಇಲ್ಲಿ ಹಿಂಗಾರು ಜೋರು, ಅಕ್ಟೋಬರಿನಿಂದ ಡಿಸೆಂಬರ್. ರಜೆ ಕೊಡುವವರು ಎರಡೂ ಕಡೆ ಜಿಲ್ಲೆಯ ಅಧಿಕಾರಿಯೇ, ಇಲ್ಲಿ ಕಲೆಕ್ಟರ್ ಅನ್ನುತ್ತಾರೆ ಅಷ್ಟೇ. ತೊಡಕು ಎಲ್ಲಿ ಅಂದರೆ, ಊರು ಒಂದೇ ಅನಿಸಿದರೂ ಜಿಲ್ಲೆ ಬೇರೆ. ನಮ್ಮ ಮನೆ ಇರುವ ಕ್ರೋಂಪೇಟೆ ಚೆಂಗಲ್ಪಟ್ಟು ಜಿಲ್ಲೆ. ಮಗಳ ಸ್ಕೂಲಿರುವ ವೇಲಚೇರಿ ಚೆನ್ನೈ ಜಿಲ್ಲೆ. ಒಮ್ಮೆ ಟಿವಿಯಲ್ಲಿ ಚೆಂಗಲ್ಪಟ್ಟಿಗೆ ರಜೆ ಅಂತ ಬಂತು, ಮಗಳನ್ನು ಮಲಗಲು ಬಿಟ್ಟೆವು. ಅವಳ ಸ್ಕೂಲು ನಡೆದಿತ್ತು! ಅಂದಿನಿಂದ ಸ್ಕೂಲಿನ ಜಿಲ್ಲೆಯ ಹೆಸರು ಕಾಣುವವರೆಗೆ ಯೂನಿಫಾರ್ಮ್ ಹಾಕಿಸಿಯೇ ಇರುತ್ತೇವೆ. ಗ್ರೂಪಿಗೆ ಬರುವ ‘ನಾಳೆ ರಜೆ’ ಚಿತ್ರಗಳಲ್ಲಿ ತಾರೀಖಿಲ್ಲದಿದ್ದರೆ ಲೆಕ್ಕಕ್ಕೇ ಇಲ್ಲ. ಹೋದ ವರ್ಷದ ಚಿತ್ರ ಈ ವರ್ಷದ ಮಳೆಗೂ ಸರಿಹೊಂದುತ್ತದೆ ಅಲ್ವಾ?

ಆ ರಜೆಗಳ ಸಾಲ ಆಮೇಲೆ ತೀರಿಸಬೇಕು. ಯಾವುದೋ ಶನಿವಾರ ಸ್ಕೂಲು ಇಟ್ಟು, ಮಂಗಳವಾರದ ಟೈಮ್‌ಟೇಬಲ್ ಅಂತ ಎರಡು ದಿನ ಮುಂಚೆ ಗ್ರೂಪಿನಲ್ಲಿ ಹೇಳುತ್ತಾರೆ. ನಾವು ಅಷ್ಟರಲ್ಲಿ ಊರಿಗೆ ಟಿಕೆಟ್ ಮಾಡಿಸಿಟ್ಟಿರುತ್ತೇವೆ. ಮಾಮಿ ಪ್ರತಿ ಮಳೆ ರಜೆಯ ಸಂಜೆ ಕೂತು, ಮುಂದಿನ ಖಾಲಿ ಶನಿವಾರಗಳ ಪೈಕಿ ಒಂದರ ಹಾಳೆಯಲ್ಲಿ ಪೆನ್ಸಿಲಿನಲ್ಲಿ ‘ಸ್ಕೂಲ್?’ ಅಂತ ಬರೆಯುತ್ತಾರೆ. ಈಗ ನಾನು ಮಂಗಳೂರು ಮೇಲ್‌ಗೆ ಟಿಕೆಟ್ ಮಾಡಿಸುವ ಮೊದಲು ಕೆಳಗಿಳಿದು ಅವರ ಹಾಳೆಗಳನ್ನು ಎತ್ತಿ ನೋಡಿ ಬರುತ್ತೇನೆ.