ಬೀಗದ ಕೈ ಮನೆಯೊಳಗೇ ಇದೆ

ಭಾನುವಾರ ಬೆಳಿಗ್ಗೆ ಚಿಕ್ಕಮ್ಮನ ಫೋನಿನಿಂದ ಚಿಕ್ಕಪ್ಪ ಕರೆ ಮಾಡಿದರು. "ಲೋ, ನನ್ನ ಫೋನ್ ತುಂಬಾ ಜಿಲೇಬಿ ಬಂದ್ಬಿಟ್ಟಿದೆ ಕಣೋ. ಬೇಗ ಬಾ."

ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ಅಂಚೆ ಹಂಚಿದವರು. "ಅರಳಿಮರದ ಪಕ್ಕದ ಮನೆ ಕರಿಯಪ್ಪನ ಎರಡನೇ ಮಗ" ಅಂತ ಪೆನ್ಸಿಲ್‌ನಲ್ಲಿ ಗೀಚಿದ್ದ ಕಾಗದವನ್ನೂ ಸರಿಯಾದ ಕೈಗೇ ಮುಟ್ಟಿಸಿದವರು. ಅಂಥವರ ಕೈಲಿ ಓದಿಸಿಕೊಳ್ಳದ ಅಕ್ಷರ ಅಂದರೆ ನನಗೂ ಕುತೂಹಲ ಆಯಿತು.

ಹೋಗಿ ನೋಡಿದೆ. ನಿಜಕ್ಕೂ ಜಿಲೇಬಿಯೇ. ಎಲ್ಲ ದುಂಡಗೆ. ದೂರದಿಂದ ನೋಡಿದರೆ ಕನ್ನಡವೇ, ಹತ್ತಿರ ಹೋದರೆ ಒಂದಕ್ಷರವೂ ಗುರುತಿಲ್ಲ. ಮದುವೆಮನೆಯಲ್ಲಿ ನೆಂಟರ ಹಾಗೆ ಕಾಣುವ, ಆದರೆ ಯಾರೆಂದು ಹೊಳೆಯದ ಜನ ಸಿಗುತ್ತಾರಲ್ಲ, ಹಾಗೆ. ಗಡಿಯಾರ ನೋಡೋಣ ಅಂದರೆ ಅಂಕಿಗಳೂ ಬದಲು. ಬ್ಯಾಟರಿ ಎಷ್ಟಿದೆ ಅಂತಲೂ ತಿಳಿಯದು. ಅದು ಬರ್ಮೀಸ್ ಅಂತ ಗೊತ್ತಾಗಿದ್ದು ಆಮೇಲೆ. ಆ ಲಿಪಿಯೂ ನಮ್ಮದೂ ಬ್ರಾಹ್ಮಿಯ ಮೊಮ್ಮಕ್ಕಳು, ಹಾಗಾಗಿ ಮುಖ ಹೋಲುತ್ತೆ. ಇನ್ನೊಂದು ವಿಷಯ. ಬರ್ಮೀಸ್‌ಗೆ ಹೋದ ಫೋನು ಗಂಟೆಯನ್ನೂ ಅವರ ಅಂಕಿಯಲ್ಲೇ ತೋರಿಸುತ್ತೆ. ಕನ್ನಡಕ್ಕೆ ತಂದ ಫೋನು 10:30 ಅಂತಲೇ ತೋರಿಸುತ್ತೆ. ನಮ್ಮ ೧, ೨, ೩ ಬಸ್ಸಿನ ಬೋರ್ಡಿನ ಮೇಲೇ ಉಳಿದವು.

"ಯಾರು ಮುಟ್ಟಿದ್ದು?" ಅಂದೆ.

"ಯಾರೂ ಇಲ್ಲ. ತಾನಾಗೇ ಆಯ್ತು," ಅಂದರು. ಆರು ವರ್ಷದ ಮೊಮ್ಮಗ ಮಂಚದ ಕೆಳಗೆ ಯಾಕೆ ಸೇರಿಕೊಂಡಿದ್ದ ಅಂತ ನಾನು ಕೇಳಲಿಲ್ಲ.

ನನಗಿಂತ ಮುಂಚೆ ಅವರು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಮೊಬೈಲ್ ಅಂಗಡಿಗೂ ಹೋಗಿ ಬಂದಿದ್ದರು. ಅಲ್ಲಿನ ಹುಡುಗ ಫೋನು ತಿರುಗಿಸಿ ಮುರುಗಿಸಿ ನೋಡಿ, "ಸಾಫ್ಟ್‌ವೇರ್ ಹೋಗಿದೆ ಸಾರ್, ಹೊಸದು ಹೊಡೀಬೇಕು, ನಾನೂರು ಆಗುತ್ತೆ, ಫೋಟೋ ಗ್ಯಾರಂಟಿ ಇಲ್ಲ" ಅಂದನಂತೆ. ಕನ್ನಡ ಬರದವರು ಎದುರು ಬಂದರೆ ಅವರ ನೆನಪನ್ನೆಲ್ಲ ಅಳಿಸಿಬಿಡುವ ಹಾಗೆ ಇದು.

ಈಗ ಸಮಸ್ಯೆಯ ಸೊಗಸು ನೋಡಿ. ಭಾಷೆ ಬದಲಾಯಿಸುವ ಜಾಗ ಫೋನಿನಲ್ಲೇ ಇದೆ. ಆದರೆ ಆ ಜಾಗದ ಹೆಸರನ್ನೂ ಬರ್ಮೀಸ್‌ನಲ್ಲೇ ಬರೆದಿದ್ದಾರೆ. ಒಳಗೆ ಹೋಗುವಾಗ "ಇದನ್ನೇ ಮುಖ್ಯ ಭಾಷೆ ಮಾಡಲೇ?" ಅಂತ ಅಚ್ಚಗನ್ನಡದಲ್ಲಿ ಕೇಳುತ್ತೆ. ಓದಲು ಬಾರದ ಮೊಮ್ಮಗ ಹೂಂ ಅಂತ ಒತ್ತುತ್ತಾನೆ. ಹೊರಗೆ ಬರುವಾಗ ಅದೇ ಪ್ರಶ್ನೆಯನ್ನು ಬರ್ಮೀಸ್‌ನಲ್ಲಿ ಕೇಳುತ್ತೆ. ಓದಲು ಬರುವ ತಾತ ಕಣ್ಣುಕಣ್ಣು ಬಿಡುತ್ತಾರೆ.

ಭಾರತದಲ್ಲಿ ಮಾರುವ ಫೋನುಗಳಿಗೆ IS 16333 ಅಂತ ಒಂದು ಮಾನಕ ಇದೆ. 22 ಭಾಷೆಗಳ ಅಕ್ಷರ ಫೋನಿನ ಮೇಲೆ ಓದಲು ಸಿಗಬೇಕು. ಇಂಗ್ಲಿಷು, ಹಿಂದಿ, ಜೊತೆಗೆ ಕನಿಷ್ಠ ಇನ್ನೊಂದು ಭಾರತೀಯ ಭಾಷೆಯಲ್ಲಿ ಟೈಪ್ ಮಾಡಲೂ ಬರಬೇಕು. ಒಳ್ಳೆಯ ಕೆಲಸವೇ. ಫೋನು ವಿದ್ಯಾವಂತ ಆಯಿತು. ಮಾಲೀಕ ದಾರಿ ತಪ್ಪಿದರೆ "ವಾಪಸ್ ಇತ್ತ" ಅನ್ನುವ ಬೋರ್ಡನ್ನು ಮಾತ್ರ ನಾನು ಯಾವ ಫೋನಿನಲ್ಲೂ ಕಂಡಿಲ್ಲ.

ಸರಿ, ಅಕ್ಷರ ಬಿಟ್ಟು ಚಿತ್ರ ಹಿಡಿದೆವು. ಪಿನ್ನು ಚಿಕ್ಕಪ್ಪನ ಬೆರಳಿಗೆ ಬಾಯಿಪಾಠ ಇತ್ತು, ಬೀಗ ತೆಗೆದರು. ಪರದೆಯನ್ನು ಮೇಲಿಂದ ಕೆಳಕ್ಕೆ ಎರಡು ಸಲ ಎಳೆದೆ. ಮೂಲೆಯಲ್ಲಿ ಹಲ್ಲಿನ ಚಕ್ರ ಸಿಕ್ಕಿತು. ಅದು ಸೆಟ್ಟಿಂಗ್ಸ್. ಒತ್ತಿದರೆ ಉದ್ದನೆಯ ಪಟ್ಟಿ. ಮೊದಲ ಸಾಲುಗಳಲ್ಲೇ Wi-Fi ಅಂತ ಇಂಗ್ಲಿಷಿನಲ್ಲಿತ್ತು. ಪರದೇಶದ ರೈಲ್ವೆ ಸ್ಟೇಷನ್ನಿನಲ್ಲಿ ನಮ್ಮೂರಿನವರು ಸಿಕ್ಕಷ್ಟು ಖುಷಿ ಆಯಿತು. ಇಂಥ ಹೆಸರು ಕಂಡರೆ ಸರಿಯಾದ ಮನೆಗೇ ಬಂದಿದ್ದೀವಿ ಅಂತ ಅರ್ಥ.

ಮುಂದಿನದೇ ಕಷ್ಟ. ಚಿಕ್ಕಮ್ಮನದೂ ಅದೇ ಕಂಪನಿಯ ಫೋನು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೆವು. ಅವರದರಲ್ಲಿ ಭಾಷೆ ಇರುವ ಸಾಲು ಮೇಲಿಂದ ಎಷ್ಟನೆಯದು ಅಂತ ಎಣಿಸಿ, ಇದರಲ್ಲೂ ಅಷ್ಟನೆಯದನ್ನು ಒತ್ತಿದೆ. ಆ್ಯಪ್‌ಗಳ ಪಟ್ಟಿ ತೆರೆದುಕೊಂಡಿತು. ಚಿಕ್ಕಮ್ಮನ ಫೋನು ಎರಡು ವರ್ಷ ಹಳೆಯದು, ಸಾಲುಗಳ ಕ್ರಮವೇ ಬೇರೆ. ಹಾಗಾಗಿ ಎಣಿಕೆ ನಂಬಬೇಡಿ, ಚಿತ್ರ ನಂಬಿ. ಅವರದರಲ್ಲಿ ಆ ಸಾಲಿನ ಪಕ್ಕ ಮೂರು ಅಡ್ಡಗೆರೆ, ಒಂದೊಂದು ಗೆರೆಗೂ ಒಂದೊಂದು ಮಣಿ ಪೋಣಿಸಿದ ಚಿತ್ರ ಇತ್ತು. ಇದರಲ್ಲೂ ಕೆಳಗೆ ಹುಡುಕಿದೆ, ಮಣಿ ಸಿಕ್ಕಿತು. ಬೇರೆ ಕಂಪನಿಯವರು ಇನ್ನೇನೋ ಇಟ್ಟಿರುತ್ತಾರೆ. ಕೆಲವರದು ವೃತ್ತದೊಳಗೆ i, ಕೆಲವರದು ಮೂರು ಚುಕ್ಕಿ, ಒಳಗೆ ಹೋದರೆ ಗೆರೆ ಎಳೆದ ಭೂಗೋಳ. ಎಲ್ಲರಿಗೂ ಒಂದೇ ಗುರುತು ಇಡೋಣ ಅಂತ ಈ ಕಂಪನಿಗಳು ಇನ್ನೂ ಕೂತು ಮಾತಾಡಿಕೊಂಡ ಹಾಗಿಲ್ಲ. ಚಾರ್ಜರ್ ತೂತಿಗೇ ಎಷ್ಟು ವರ್ಷ ಹಿಡಿಯಿತು ಅಂತ ನಮಗೆ ಗೊತ್ತಲ್ವಾ.

ಮಣಿ ಒತ್ತಿ ಒಳಗೆ ಹೋದರೆ ಇನ್ನೊಂದು ಆಘಾತ. ಅಲ್ಲಿ ಚಿತ್ರಗಳೇ ಇಲ್ಲ! ಬರೀ ಜಿಲೇಬಿ ಸಾಲು. ಚಿತ್ರ ಬಿಡಿಸುವವನ ಸಂಬಳ ಮೊದಲ ಪರದೆಗೇ ಮುಗಿದಿರಬೇಕು. ಇಲ್ಲಿ ನೆನಪಿಡಬೇಕಾದ್ದು ಇಷ್ಟೇ: ಭಾಷೆ ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲಿನ ಸಾಲು. ಅದೇ ಪಟ್ಟಿಯ ಅಡಿಯಲ್ಲಿರೋದು ರೀಸೆಟ್, ಅಂದರೆ ಎಲ್ಲವನ್ನೂ ಅಳಿಸುವ ಜಾಗ. ಅಂಗಡಿ ಹುಡುಗ ನಾನೂರು ಕೇಳಿದ್ದು ಆ ಅಡಿಯ ಸಾಲಿಗೆ. ಅಕಸ್ಮಾತ್ ಅಲ್ಲಿಗೇ ಹೋದರೂ ತಕ್ಷಣ ಏನೂ ಆಗಲ್ಲ. ಅಳಿಸುವ ಮುಂಚೆ ಪಿನ್ ಕೇಳುತ್ತೆ. ಎಲ್ಲಾದರೂ ಪಿನ್ ಕೇಳಿತು ಅಂದರೆ ನೀವು ತಪ್ಪು ಬೀದಿಗೆ ಬಂದಿದ್ದೀರಿ, ಹಿಂದೆ ಬನ್ನಿ. ಭಾಷೆ ಬದಲಾಯಿಸಲು ಪಿನ್ ಬೇಡ. ಅದಕ್ಕೇ ಅಲ್ವಾ ಮಂಚದ ಕೆಳಗಿದ್ದವನಿಗೆ ಅಷ್ಟು ಸಲೀಸಾಗಿದ್ದು.

ಮೇಲಿನ ಸಾಲು ಒತ್ತಿದೆ. ಜಿಲೇಬಿಯ ಕೆಳಗೆ, ದುಂಡಗೆ, ನಮ್ಮದೇ ದುಂಡು, "ಕನ್ನಡ" ಅಂತ ಇತ್ತು.

ಈ ಒಂದು ವಿಷಯಕ್ಕೆ ಮಾತ್ರ ಫೋನು ಮಾಡಿದವರಿಗೆ ಕೈ ಮುಗಿಯಬೇಕು. ಆ ಪಟ್ಟಿಯಲ್ಲಿ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿ ಇರುತ್ತೆ. ಬಾವುಟ ಇಟ್ಟಿಲ್ಲ. ಇಟ್ಟಿದ್ದರೆ ನಮ್ಮ ಹಳದಿ ಕೆಂಪು ಬಾವುಟ ಅವರ ಪಟ್ಟಿಗೆ ಸೇರಲು ಇನ್ನೊಂದು ಚಳವಳಿಯೇ ಬೇಕಾಗುತ್ತಿತ್ತು. ಒಂದು ವೇಳೆ ನಿಮ್ಮ ಭಾಷೆ ಅಲ್ಲಿಲ್ಲದಿದ್ದರೆ ಅಡಿಯಲ್ಲಿ + ಗುರುತು ಇರುತ್ತೆ. ಅದನ್ನು ಒತ್ತಿದರೆ ದೊಡ್ಡ ಪಟ್ಟಿ ಬರುತ್ತೆ.

"ಕನ್ನಡ" ಒತ್ತಿ, ಕೆಳಗೆ ಎದ್ದ ಬಟನ್ ಒತ್ತಿದೆ. ಪರದೆ ಒಮ್ಮೆ ಕಣ್ಣು ಮಿಟುಕಿಸಿತು. ಎಲ್ಲ ವಾಪಸ್ ಬಂತು. ಬರ್ಮೀಸ್ ಅಲ್ಲೇ ಎರಡನೇ ಸಾಲಿನಲ್ಲಿ ಕೂತಿತ್ತು. ಬಿಟ್ಟರೆ ಮೊಮ್ಮಗನಿಗೆ ಮುಂದಿನ ಸಲ ಎರಡೇ ಒತ್ತಿನ ಕೆಲಸ. ತೆಗೆದುಹಾಕಿದೆ.

ಚಿಕ್ಕಪ್ಪ ಒಂದು ಹಳೇ ಇನ್‌ಲ್ಯಾಂಡ್ ಲೆಟರ್ ತಂದು, ಅದರ ಬೆನ್ನಿಗೆ ಹಲ್ಲಿನ ಚಕ್ರ ಬರೆದರು. ಪಕ್ಕದಲ್ಲಿ ಬಾಣ, ಆಮೇಲೆ ಮೂರು ಗೆರೆ ಮೂರು ಮಣಿ, ಇನ್ನೊಂದು ಬಾಣ, "ಮೇಲಿಂದ ಒಂದನೇ ಮನೆ". ಅಂಚೆಯವರಲ್ವಾ, ವಿಳಾಸ ಬರೆಯೋಕೆ ಹೇಳಿಕೊಡಬೇಕಾ. ಆಮೇಲೆ ಕನ್ನಡಕ ಸರಿ ಮಾಡಿಕೊಂಡು, ಮಣಿಯ ಪಕ್ಕ ಈಗ ಕನ್ನಡದಲ್ಲಿ ಏನು ಬರೆದಿದೆ ಅಂತ ಜೋರಾಗಿ ಓದಿದರು.

"ಸಾಮಾನ್ಯ ನಿರ್ವಹಣೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಲೋ, ಇದು ಕನ್ನಡದಲ್ಲೇ ಇದ್ದಿದ್ರೂ ಒಳಗೆ ಭಾಷೆ ಇದೆ ಅಂತ ನಂಗೆ ಗೊತ್ತಾಗ್ತಿರ್ಲಿಲ್ಲ ಕಣೋ," ಅಂದರು. ಕಾಗದವನ್ನು ಗೋಡೆಯ ಪಂಚಾಂಗದ ಪಕ್ಕಕ್ಕೆ ಅಂಟಿಸಿದರು.