ಪರಿಚಯದ ಸರಪಳಿಗೆ ಸಿಗದ ರೈಡರ್‌ಗಳು

"60 ಫುಡ್ ಡೆಲಿವರಿ ರೈಡರ್‌ಗಳನ್ನು ಮಾತಾಡಿಸಿದ ಮೇಲೂ ಶೇಕಡಾ ಇಷ್ಟು ಜನ ಸಾಲದಲ್ಲಿದ್ದಾರೆ ಅಂತ ಯಾಕೆ ಬರೆಯಬಾರದು?"

ಆ 60 ಜನ ಸಿಕ್ಕ ದಾರಿ ನೋಡಿ ಸರ್. ಬೆಂಗಳೂರಿನ ಬಿರಿಯಾನಿ ಹೋಟೆಲೊಂದರ ಮುಂದೆ ಆರ್ಡರ್‌ಗೆ ಕಾಯುತ್ತಾ ನಿಂತವನನ್ನು ಮಾತಾಡಿಸುತ್ತೀರಿ ಅಂದುಕೊಳ್ಳಿ. ಅವನು ರೂಮ್‌ಮೇಟ್ ನಂಬರ್ ಕೊಡುತ್ತಾನೆ, ರೂಮ್‌ಮೇಟ್ ತನ್ನೂರಿನವನದ್ದು. ನಾಲ್ಕು ಸುತ್ತು ಕಳೆದರೂ ಒಂದೇ ತಾಲ್ಲೂಕಿನ ಹುಡುಗರು, ಸಾಲ ಕೊಟ್ಟವನೂ ಒಬ್ಬನೇ ಇರಬಹುದು. 20 ರೈಡರ್‌ಗಳ ಪರಿಚಯವಿದ್ದವನ ಹೆಸರು ಬರಲು 20 ದಾರಿ, ನಿನ್ನೆ ಸೇರಿದವನಿಗೆ ಒಂದೋ ಎರಡೋ. ಮಧ್ಯಾಹ್ನ ಎರಡು ತಾಸು ಮಾತ್ರ ಗಾಡಿ ಓಡಿಸುವ ಹೆಂಗಸು, ಬಿದ್ದು ಕಾಲು ಮುರಿದುಕೊಂಡು ಊರಿಗೆ ಹೋದವನು, ಇನ್ನೊಬ್ಬರ ಐಡಿಯಲ್ಲಿ ದುಡಿಯುವವನು ಇವರನ್ನೆಲ್ಲ ಹೆಸರಿಸುವವರು ಕಡಿಮೆ.

ಬೇರೆ ಬೇರೆ ಬಡಾವಣೆಗಳಿಂದ, ಬೇರೆ ಬೇರೆ ಹೊತ್ತಿನಲ್ಲಿ ಶುರುಮಾಡಿ. ಒಬ್ಬರಿಂದ ಮೂರಕ್ಕಿಂತ ಹೆಚ್ಚು ಹೆಸರು ಬೇಡ. ಯಾರು ಯಾರನ್ನು ಕಳಿಸಿದರು, ಪ್ರತಿಯೊಬ್ಬರಿಗೂ ಎಷ್ಟು ರೈಡರ್‌ಗಳು ಗೊತ್ತು ಅಂತ ಬರೆದಿಟ್ಟುಕೊಳ್ಳಿ. 1997ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಡಗ್ಲಸ್ ಹೆಕಥಾರ್ನ್ ಇಂಥ ಲೆಕ್ಕವನ್ನೇ ವಿಧಾನವಾಗಿ ರೂಪಿಸಿದರು. ಹೆಚ್ಚು ಪರಿಚಯವಿದ್ದವರ ಉತ್ತರಕ್ಕೆ ಅದರಲ್ಲಿ ಕಡಿಮೆ ತೂಕ. ಆದರೂ ಸರಪಳಿಯ ಹೊರಗೇ ಉಳಿದವರಿಗೆ ಯಾವ ತೂಕವೂ ಸಿಗದು. ಸಾಲ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ ಅಂತ ಆ 60 ಜನರಿಂದ ಧಾರಾಳವಾಗಿ ಬರೆಯಿರಿ. ಶೇಕಡಾ ಮಾತ್ರ ಬೇಡ.