ಜಿಪ್ ಇರುವ ಕವರ್

"ಹಾಡು ಫೋನಲ್ಲೇ ಸಿಗುತ್ತೆ, ಹಳೇ ರೆಕಾರ್ಡಿಗೆ, ಅದರ ಕವರಿಗೆ ಯಾಕಿಷ್ಟು ಬೆಲೆ?"

ರೋಲಿಂಗ್ ಸ್ಟೋನ್ಸ್ ರಾಕ್ ತಂಡದ 1971ರ 'ಸ್ಟಿಕಿ ಫಿಂಗರ್ಸ್' ಆಲ್ಬಮ್ ನೋಡಿ. ಕವರ್ ಮೇಲೆ ಜೀನ್ಸ್ ಪ್ಯಾಂಟಿನ ಫೋಟೊ, ಅದಕ್ಕೆ ನಿಜವಾದ ಜಿಪ್. ಐಡಿಯಾ ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ ಅವರದು. ಆದರೆ ರೆಕಾರ್ಡುಗಳನ್ನು ಪೇರಿಸಿ ಸಾಗಿಸಿದಾಗ ಜಿಪ್ಪಿನ ಹಿಡಿ ಒತ್ತಿ, ಹಾಡಿನ ಗೆರೆಗಳೇ ಹಾಳಾದವು. ಆಮೇಲೆ ಜಿಪ್ಪನ್ನು ಅರ್ಧಕ್ಕೆ ಇಳಿಸಿ ಕಳಿಸತೊಡಗಿದರು. ಆಗ ಒತ್ತು ಬೀಳುವುದು ನಡುವಿನ ಲೇಬಲ್ ಮೇಲೆ, ಅಲ್ಲಿ ಹಾಡೇ ಇಲ್ವಲ್ಲ!

ಇದನ್ನು ಕೊಳ್ಳುವಾಗ ಮೊದಲು ಜಿಪ್ ಸಲೀಸಾಗಿ ಓಡುತ್ತಾ ನೋಡಿ. ಆಮೇಲೆ ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ತಗ್ಗು ಹುಡುಕಿ. ಲೇಬಲ್ಲಿನ ಸುತ್ತ ಹಾಡಿಲ್ಲದ ಜಾಗದಲ್ಲಿ ಕೊರೆದ ನಂಬರನ್ನೂ ಓದಿ. ರೆಕಾರ್ಡು ಮೊದಲ ಸಲ ಅಚ್ಚು ಹಾಕಿದ್ದೋ ಆಮೇಲಿನದೋ ಅನ್ನೋದಕ್ಕೆ ಕವರಿಗಿಂತ ಅದೇ ಜಾಸ್ತಿ ನಂಬಿಕಸ್ತ ಗುರುತು.